‘ಅಪ್’ ನೋಡಿ ಕಣ್ಣೀರು ಹಾಕಿದ್ರಾ? ಅದರ ಹಿಂದೆ ಇದೆ ಒಂದು ಬಣ್ಣದ ಪಟ್ಟಿ: ಏನಿದು ಕಲರ್ ಸ್ಕ್ರಿಪ್ಟ್?

ಪಿಯುಸಿ ಮುಗಿಸಿ ಆನಿಮೇಷನ್ ಕೋರ್ಸ್ ಸೇರೋ ಹುಡುಗ ಹುಡುಗಿಯರು ನಮ್ಮ ಕಡೆಯೂ ಈಗ ಕಡಿಮೆ ಏನಿಲ್ಲ. ಅವರು ಮೊದಲು ಕೇಳೋ ಪ್ರಶ್ನೆ ಯಾವ ಸಾಫ್ಟ್‌ವೇರ್ ಕಲಿಬೇಕು ಅಂತ. ಆದ್ರೆ ಒಂದು ಆನಿಮೇಷನ್ ಸಿನಿಮಾ ನಮ್ಮನ್ನ ಎಲ್ಲಿ ಅಳಿಸಬೇಕು, ಎಲ್ಲಿ ಉಸಿರು ಬಿಡಿಸಬೇಕು ಅನ್ನೋದರ ದೊಡ್ಡ ಪಾಲು ಕಂಪ್ಯೂಟರ್‌ನಲ್ಲಿ ಬೆಳಕು ಹಾಕೋಕೆ ಮುಂಚೆಯೇ ತೀರ್ಮಾನ ಆಗಿರುತ್ತೆ. ಅದನ್ನ ತೀರ್ಮಾನಿಸೋದು ಸಣ್ಣ ಸಣ್ಣ ಚಿತ್ರಗಳ ಒಂದು ಉದ್ದನೆಯ ಸಾಲು. ಅದರ ಹೆಸರೇ ಕಲರ್ ಸ್ಕ್ರಿಪ್ಟ್.

ಸ್ಕ್ರಿಪ್ಟ್ ಅಂದ ಕೂಡಲೇ ಡೈಲಾಗ್ ನೆನಪಾಗುತ್ತೆ. ಇದರಲ್ಲಿ ಡೈಲಾಗ್ ಇರಲ್ಲ. ಇಡೀ ಸಿನಿಮಾದ ಮುಖ್ಯ ಘಟ್ಟಗಳನ್ನ ಬೆಂಕಿಪೊಟ್ಟಣದ ಗಾತ್ರದ ಚೌಕಗಳಲ್ಲಿ, ಶುರುವಿನಿಂದ ಕೊನೆವರೆಗೆ ಅನುಕ್ರಮವಾಗಿ, ಬರೀ ಬಣ್ಣ ಮತ್ತು ಬೆಳಕಲ್ಲಿ ಬಿಡಿಸಿರುತ್ತಾರೆ. ಮೂಗು ಕಣ್ಣು ಸರಿಯಾಗಿ ಕಾಣಬೇಕು ಅಂತೇನಿಲ್ಲ. ಎರಡು ಹೆಜ್ಜೆ ಹಿಂದೆ ನಿಂತು ನೋಡಿದ್ರೆ ಕಥೆಯ ಏರಿಳಿತ ಗೊತ್ತಾಗಬೇಕು, ಅಷ್ಟೇ.

ಈ ಪದ್ಧತಿಯನ್ನ ಪಿಕ್ಸಾರ್ ಸ್ಟುಡಿಯೋದಲ್ಲಿ ಬೇರೂರಿಸಿದವರು ರಾಲ್ಫ್ ಎಗಲ್‌ಸ್ಟನ್. 1995ರ ‘ಟಾಯ್ ಸ್ಟೋರಿ’ಗೆ ಅವರು ಪೇಸ್ಟಲ್ ಕಡ್ಡಿಗಳಲ್ಲಿ ಇಂಥ ಚಿತ್ರಗಳನ್ನ ಮಾಡಿದ್ರು. ಪೂರ್ತಿ ಕಂಪ್ಯೂಟರ್‌ನಲ್ಲಿ ತಯಾರಾದ ಮೊದಲ ಪೂರ್ಣಾವಧಿ ಸಿನಿಮಾದ ಬಣ್ಣ ಹುಟ್ಟಿದ್ದು ಕೈಗೆ ಪುಡಿ ಮೆತ್ತಿಕೊಳ್ಳೋ ಸೀಮೆಸುಣ್ಣದಂಥ ಕಡ್ಡಿಯಿಂದ ಅನ್ನೋದು ತಮಾಷೆಯ ವಿಷಯ.

ಇದು ಹೇಗೆ ಕೆಲಸ ಮಾಡುತ್ತೆ ಅಂತ ತಿಳಿಯೋಕೆ ಒಂದೇ ಒಂದು ಸಿನಿಮಾ ಹಿಡ್ಕೊಳ್ಳೋಣ: 2009ರ ‘ಅಪ್’. ನಿರ್ದೇಶಕ ಪೀಟ್ ಡಾಕ್ಟರ್. ಕಲರ್ ಸ್ಕ್ರಿಪ್ಟ್ ಮಾಡಿದ್ದು ಲೂ ರೊಮಾನೊ. ‘ರಾಟಟೂಯಿ’ ಸಿನಿಮಾದಲ್ಲಿ ಅಡುಗೆ ಹುಡುಗ ಲಿಂಗ್ವಿನಿಗೆ ದನಿ ಕೊಟ್ಟವರೂ ಇವರೇ.

ಮೂರು ಗುಂಡಿಗಳು

ಮೊದಲು ಒಂದು ಮಾತು ಸ್ಪಷ್ಟ ಮಾಡ್ಕೊಳ್ಳೋಣ. ನಾವು ‘ಬಣ್ಣ’ ಅಂತ ಒಂದೇ ಪದದಲ್ಲಿ ಹೇಳೋದು ಕಲಾವಿದರಿಗೆ ಮೂರು ಬೇರೆ ಬೇರೆ ವಿಷಯ. ಹಳೇ ಟಿವಿಯ ಮೂರು ಗುಂಡಿ ಅಂದುಕೊಳ್ಳಿ.

ಮೊದಲನೇದು, ಯಾವ ಬಣ್ಣ ಅನ್ನೋದು: ಕೆಂಪೋ, ನೀಲಿಯೋ, ಹಸಿರೋ. ಇದಕ್ಕೆ ಹ್ಯೂ ಅಂತಾರೆ. ಎರಡನೇದು, ಅದು ಎಷ್ಟು ಗಾಢ ಅನ್ನೋದು. ಹೊಸ ಸೀರೆಯ ಕೆಂಪಿಗೂ ಇಪ್ಪತ್ತು ಸಲ ಒಗೆದ ಮೇಲಿನ ಕೆಂಪಿಗೂ ಇರೋ ವ್ಯತ್ಯಾಸ ಇದು. ಇದು ಸ್ಯಾಚುರೇಷನ್. ಮೂರನೇದು, ಎಷ್ಟು ಬೆಳಕು ಎಷ್ಟು ಕತ್ತಲು ಅನ್ನೋದು. ಅದೇ ಸೀರೆಯನ್ನ ಅಂಗಳದ ಬಿಸಿಲಲ್ಲಿ ನೋಡೋದಕ್ಕೂ ಕರೆಂಟ್ ಹೋದ ಕೋಣೆಯಲ್ಲಿ ನೋಡೋದಕ್ಕೂ ಇರೋ ವ್ಯತ್ಯಾಸ. ಇದು ವ್ಯಾಲ್ಯೂ.

ಹೊಸಬರು ಮೊದಲ ಗುಂಡಿ ಮಾತ್ರ ತಿರುಗಿಸ್ತಾರೆ. ದುಃಖಕ್ಕೆ ನೀಲಿ, ಕೋಪಕ್ಕೆ ಕೆಂಪು ಅಂತ ಪಟ್ಟಿ ಮಾಡಿಟ್ಟುಕೊಂಡಿರ್ತಾರೆ. ‘ಅಪ್’ ಸಿನಿಮಾ ಬಹುಪಾಲು ನಡೆಯೋದು ಎರಡನೇ ಗುಂಡಿ ಮೇಲೆ. ಅದೇ ಅದರ ಜಾಣತನ.

ಎಲೀ ಇದ್ದಾಗ, ಎಲೀ ಇಲ್ಲದಾಗ

ಕಥೆ ಗೊತ್ತಿಲ್ಲದವರಿಗೆ: ಕಾರ್ಲ್ ಮಾತು ಕಮ್ಮಿ ಇರೋ ಹುಡುಗ, ಎಲೀ ಬಾಯಿ ತುಂಬ ಮಾತಿನ ಹುಡುಗಿ. ಇಬ್ಬರೂ ಮದುವೆ ಆಗ್ತಾರೆ. ದಕ್ಷಿಣ ಅಮೆರಿಕದ ಪ್ಯಾರಡೈಸ್ ಫಾಲ್ಸ್ ಅನ್ನೋ ಜಲಪಾತಕ್ಕೆ ಹೋಗಬೇಕು ಅನ್ನೋದು ಅವರ ಕನಸು. ಅದು ಕೈಗೂಡೋ ಮೊದಲೇ ಎಲೀ ತೀರಿಕೊಳ್ತಾಳೆ. ಮುದುಕ ಕಾರ್ಲ್ ಮನೆಗೆ ಬಲೂನು ಕಟ್ಟಿ, ಮನೆ ಸಮೇತ ಅಲ್ಲಿಗೆ ಹೊರಡ್ತಾನೆ. ಜೊತೆಗೆ ಅಕಸ್ಮಾತ್ ರಸೆಲ್ ಅನ್ನೋ ಪುಟ್ಟ ಹುಡುಗ ಸೇರ್ಕೊಳ್ತಾನೆ.

ಮದುವೆಯಿಂದ ಎಲೀಯ ಸಾವಿನವರೆಗಿನ ಜೀವನವನ್ನ ಸಿನಿಮಾ ಸುಮಾರು ನಾಲ್ಕು ನಿಮಿಷದಲ್ಲಿ, ಒಂದೂ ಮಾತಿಲ್ಲದೆ ತೋರಿಸುತ್ತೆ. ಮಾತಿಲ್ಲ ಅಂದ ಮೇಲೆ ಹೊರೆಯೆಲ್ಲ ಸಂಗೀತ ಮತ್ತು ಬಣ್ಣದ ಮೇಲೆ. ಎಲೀ ಇರೋ ಜಾಗದಲ್ಲೆಲ್ಲ ಬಣ್ಣ ಗಾಢ. ಮನೆಗೆ ಬಣ್ಣ ಹಚ್ಚೋದು, ಗುಡ್ಡದ ಮೇಲೆ ಮಲಗಿ ಮೋಡ ನೋಡೋದು, ದಿನಾ ಬೆಳಿಗ್ಗೆ ಗಂಡನ ಟೈ ಕಟ್ಟೋದು, ಎಲ್ಲ ಕಡೆ ಬೆಚ್ಚಗಿನ ಬೆಳಕು. ನಡುವೆ ಆಸ್ಪತ್ರೆಯ ಕೋಣೆಯಲ್ಲಿ ಮಗು ಇಲ್ಲ ಅಂತ ಗೊತ್ತಾಗೋ ದೃಶ್ಯ ಬರುತ್ತೆ. ಅಲ್ಲಿ ಬಣ್ಣ ಒಮ್ಮೆ ಕುಸಿಯುತ್ತೆ, ಆಮೇಲೆ ಮತ್ತೆ ಚೇತರಿಸಿಕೊಳ್ಳುತ್ತೆ. ಈ ಸಣ್ಣ ಕುಸಿತ ಸುಮ್ಮನೆ ಇಟ್ಟಿದ್ದಲ್ಲ. ಬಣ್ಣ ಇಳಿದ್ರೆ ಏನರ್ಥ ಅಂತ ಅದು ನಮ್ಮ ಕಣ್ಣಿಗೆ ಪಾಠ ಮಾಡಿಬಿಡುತ್ತೆ.

ಹಾಗಾಗಿ ಎಲೀ ಹೋದ ಮೇಲೆ ಕಾರ್ಲ್ ಒಂದು ಬಲೂನು ಹಿಡಿದು ಮನೆಯ ಕತ್ತಲೊಳಗೆ ನಡೆದಾಗ ಯಾರೂ ಏನೂ ವಿವರಿಸಬೇಕಾಗಿಲ್ಲ. ಮರುದಿನ ಬೆಳಗಿನಿಂದ ಅದೇ ಮನೆ, ಅದೇ ಕುರ್ಚಿ, ಅದೇ ಗೋಡೆ. ಆದ್ರೆ ಎಲ್ಲವೂ ಬೂದಿ ಎರಚಿದ ಹಾಗೆ. ಹೊರಗೆ ಕಟ್ಟಡ ಕೆಲಸದ ಧೂಳು. ಗೋಡೆಯ ಬಣ್ಣವನ್ನ ಯಾರೂ ಕೆರೆದು ತೆಗೆದಿಲ್ಲ, ಸಿನಿಮಾದವರು ಗಾಢತೆಯ ಗುಂಡಿಯನ್ನ ಕೆಳಕ್ಕೆ ತಿರುಗಿಸಿದ್ದಾರೆ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ಬೂದು ಬಣ್ಣ ತನ್ನಷ್ಟಕ್ಕೆ ದುಃಖ ಅಲ್ಲ. ಮೊದಲು ಗಾಢ ತೋರಿಸಿ, ಅದನ್ನ ಎಲೀ ಜೊತೆ ಗಂಟು ಹಾಕಿ, ಆಮೇಲೆ ಕಿತ್ತುಕೊಂಡಿದ್ದಕ್ಕೆ ಅದು ದುಃಖ ಆಯ್ತು. ಯಕ್ಷಗಾನದಲ್ಲಿ ಬಣ್ಣದ ವೇಷ ರಂಗಕ್ಕೆ ಬಂದ ಕೂಡಲೇ ರಾಕ್ಷಸ ಅಂತ ಗೊತ್ತಾಗುತ್ತೆ. ಆ ಅರ್ಥ ಪ್ರೇಕ್ಷಕ ಮನೆಯಿಂದಲೇ ತಂದಿರ್ತಾನೆ. ಕಲರ್ ಸ್ಕ್ರಿಪ್ಟ್‌ನಲ್ಲಿ ಹಾಗಲ್ಲ. ಬಣ್ಣದ ಅರ್ಥವನ್ನ ಆ ಸಿನಿಮಾವೇ ಕಲಿಸಬೇಕು, ಕಲಿಸಿದ ಮೇಲೆಯೇ ಬಳಸಬೇಕು.

ಅಂಕ ಹಾಕಿ ನೋಡಿದ್ರೆ

ಸಿನಿಮಾವನ್ನ ಅಲ್ಲಲ್ಲಿ ನಿಲ್ಲಿಸಿ, ಪ್ರತಿ ಘಟ್ಟದ ಗಾಢತೆಗೆ 0ಯಿಂದ 10ರೊಳಗೆ ಒಂದು ಅಂಕ ಕೊಟ್ಟು ನೋಡಿದೆ. ಇದು ನನ್ನ ಕಣ್ಣಂದಾಜು, ಸ್ಟುಡಿಯೋದ ಲೆಕ್ಕ ಅಲ್ಲ.

- ಮದುವೆ, ಹೊಸ ಮನೆ, ಗುಡ್ಡ: 8
- ಮಗು ಇಲ್ಲ ಅಂತ ತಿಳಿಯೋದು: 3
- ಮತ್ತೆ ಚೇತರಿಕೆ, ದುಡಿಮೆ, ವಯಸ್ಸಾಗೋದು: 7
- ಎಲೀ ಇಲ್ಲದ ಮನೆ: 1
- ಒಂಟಿ ಕಾರ್ಲ್‌ನ ದಿನಗಳು: 2
- ರಸೆಲ್ ಬಾಗಿಲು ತಟ್ಟೋದು: 3
- ಮನೆ ಹಾರೋದು: 10
- ಮಂಜಿನಲ್ಲಿ ಇಳಿಯೋದು: 1
- ಕಾಡು, ಹಕ್ಕಿ, ನಾಯಿ: 7
- ಖಳನಾಯಕ ಮಂಟ್ಜ್‌ನ ಹಡಗು, ರಾತ್ರಿಯ ಬೆಂಕಿ: 4, ಆದ್ರೆ ತುಂಬ ಕತ್ತಲು
- ಕಾರ್ಲ್ ಒಬ್ಬನೇ ಕೂತು ಎಲೀಯ ಪುಸ್ತಕ ತೆರೆಯೋದು: 6
- ಆಕಾಶದಲ್ಲಿ ಕೊನೆಯ ಹೋರಾಟ: 8
- ರಸ್ತೆ ಬದಿ ಕೂತು ಐಸ್‌ಕ್ರೀಮ್ ತಿನ್ನೋದು: 7

ಈ ಪಟ್ಟಿಯಲ್ಲಿ ಎರಡು ಜಾಗ ಬಿಡಿಸಿ ನೋಡೋಣ.

ಒಂದು, 10 ಬರೋದು ಒಂದೇ ಸಲ. ಸಾವಿರಾರು ಬಲೂನು ಮನೆಯ ಮೇಲಿಂದ ಉಕ್ಕಿ ಬರೋವಾಗ ಎದೆ ಹಗುರಾಗೋದಕ್ಕೆ ಕಾರಣ ಬಲೂನಷ್ಟೇ ಅಲ್ಲ. ಅದಕ್ಕೆ ಮುಂಚೆ ಹಲವು ನಿಮಿಷ ನಮ್ಮನ್ನ 1, 2, 3ರಲ್ಲೇ ಕೂರಿಸಿರ್ತಾರೆ. ಕಣ್ಣು ಬಣ್ಣಕ್ಕೆ ಹಸಿದಿರುತ್ತೆ. ರಸೆಲ್ ಬಂದಾಗಲೂ ಅವನ ಸಮವಸ್ತ್ರದ ಹಳದಿ, ಬ್ಯಾಡ್ಜ್‌ಗಳ ಬಣ್ಣ ಇಷ್ಟೇ ಬರುತ್ತೆ, ಮನೆ ಹಾಗೇ ಮಂಕಾಗಿರುತ್ತೆ. ಊಟಕ್ಕೆ ಮುಂಚೆ ಉಪ್ಪಿನಕಾಯಿ ನೆಕ್ಕಿಸಿದ ಹಾಗೆ. ಮನೆ ಹಾರೋವಾಗ ಪಕ್ಕದ ಕಟ್ಟಡದ ಕೋಣೆಯಲ್ಲಿ ಒಬ್ಬಳು ಪುಟ್ಟ ಹುಡುಗಿ ಇರ್ತಾಳೆ. ಬಲೂನುಗಳ ಮೂಲಕ ಹಾದ ಬಿಸಿಲು ಅವಳ ಕೋಣೆಯೊಳಗೆ ಬಣ್ಣಬಣ್ಣವಾಗಿ ಹರಿದಾಡುತ್ತೆ. ಕಥೆಗೆ ಆ ಹುಡುಗಿ ಬೇಕಿಲ್ಲ, ಮತ್ತೆ ಬರೋದೂ ಇಲ್ಲ. ಬಣ್ಣದ ಕಥೆಗೆ ಮಾತ್ರ ಅವಳು ಬೇಕು. ಇಷ್ಟು ಹೊತ್ತು ಒಂದು ಮನೆಯೊಳಗೆ ಸತ್ತುಹೋಗಿದ್ದ ಬಣ್ಣ ಈಗ ಊರಿನ ಮೇಲೆ ಚೆಲ್ಲುತ್ತಿದೆ ಅಂತ ಅವಳ ಗೋಡೆಯೇ ಹೇಳಬೇಕು.

ಎರಡು, ಪುಸ್ತಕದ ದೃಶ್ಯ. ಕಾರ್ಲ್ ಜಲಪಾತಕ್ಕೆ ತಲುಪಿಯೇಬಿಟ್ಟಿದ್ದಾನೆ. ಆದ್ರೆ ಹಕ್ಕಿಯನ್ನ ಕಾಪಾಡದೆ ಮನೆಯನ್ನ ಉಳಿಸಿಕೊಂಡಿದ್ದಕ್ಕೆ ರಸೆಲ್ ಮುನಿಸಿಕೊಂಡಿದ್ದಾನೆ. ಒಂಟಿ ಮನೆಯಲ್ಲಿ ಕೂತು ಕಾರ್ಲ್ ಎಲೀಯ ಸಾಹಸದ ಪುಸ್ತಕ ತೆರೆಯುತ್ತಾನೆ. ಖಾಲಿ ಇರುತ್ತೆ ಅಂದುಕೊಂಡ ಪುಟಗಳಲ್ಲಿ ಅವರಿಬ್ಬರ ಬದುಕಿನ ಫೋಟೋಗಳಿವೆ. ನಮ್ಮ ಸಂಸಾರವೇ ನನ್ನ ಸಾಹಸ ಆಗಿತ್ತು, ನೀನಿನ್ನು ಹೊಸದಕ್ಕೆ ಹೊರಡು ಅನ್ನೋ ಅರ್ಥದ ಮಾತು ಬರೆದಿಟ್ಟು ಹೋಗಿದ್ದಾಳೆ.

ಇದು ಅಳಿಸೋ ದೃಶ್ಯ. ಹೊಸಬರ ಕೈಗೆ ಕೊಟ್ಟಿದ್ರೆ ನೀಲಿ ಬಳಿದು, ಕತ್ತಲು ಮಾಡಿ, ಕಿಟಕಿ ಹೊರಗೆ ಮಳೆ ಸುರಿಸಿಬಿಡ್ತಿದ್ರು. ಆದ್ರೆ ಈ ಸಿನಿಮಾದಲ್ಲಿ ಬೂದು ಅಂದ್ರೆ ‘ಎಲೀ ಇಲ್ಲ’ ಅಂತ ಅರ್ಥ ಆಗಿಬಿಟ್ಟಿದೆ. ಈ ದೃಶ್ಯದಲ್ಲಿ ಎಲೀ ವಾಪಸ್ ಬಂದಿದ್ದಾಳೆ, ಪುಸ್ತಕದ ಮೂಲಕ. ಹಾಗಾಗಿ ಬೆಳಕು ಬೆಚ್ಚಗಿರಬೇಕು. ಬೆಚ್ಚಗೆಯೇ ಇದೆ. ಅಳು ಬರುತ್ತೆ, ಆದ್ರೆ ಸಾವಿನ ದೃಶ್ಯದ ಅಳು ಅದಲ್ಲ. ಇಷ್ಟು ಸೂಕ್ಷ್ಮವನ್ನ ಆ ಒಂದು ದೃಶ್ಯ ಮಾತ್ರ ನೋಡ್ತಾ ಕೂತವರು ಹಿಡಿಯೋಕೆ ಕಷ್ಟ. ಸಾವಿನ ಚೌಕ ಮತ್ತು ಪುಸ್ತಕದ ಚೌಕ ಒಂದೇ ಗೋಡೆಯ ಮೇಲೆ ಒಟ್ಟಿಗೆ ಕಂಡಾಗ ಹೊಳೆಯುತ್ತೆ. ಕಲರ್ ಸ್ಕ್ರಿಪ್ಟ್ ಇರೋದೇ ಅದಕ್ಕೆ.

ಮಾಡೋದು ಹೇಗೆ?

ಸ್ಟುಡಿಯೋದಿಂದ ಸ್ಟುಡಿಯೋಗೆ ಕ್ರಮ ಬೇರೆ ಇರುತ್ತೆ. ಆದ್ರೆ ಸಾಮಾನ್ಯವಾಗಿ ಕೆಲಸ ಹೀಗೆ ಸಾಗುತ್ತೆ.

ಮೊದಲು ಕಥೆಯನ್ನ ಘಟ್ಟಗಳಾಗಿ ಒಡೆದು, ಒಂದೊಂದು ಘಟ್ಟದ ಮುಂದೆ ಒಂದೇ ಒಂದು ಭಾವದ ಪದ ಬರೆಯೋದು. ‘ಕಾರ್ಲ್ ಬೆಳಿಗ್ಗೆ ಏಳ್ತಾನೆ’ ಅಂತಲ್ಲ, ‘ಒಂಟಿತನ’ ಅಂತ. ಎರಡು ಪದ ಬೇಕು ಅನ್ನಿಸಿದ್ರೆ ಬಹುಶಃ ಅದು ಎರಡು ಘಟ್ಟ. ಐದು ನಿಮಿಷದ ಕಿರುಚಿತ್ರಕ್ಕೆ ಎಂಟು ಹತ್ತು ಘಟ್ಟ ಸಾಕು.

ಆಮೇಲೆ ಆ ಪದಗಳ ಮೇಲೆ ಒಂದು ಗೆರೆ ಎಳೆಯೋದು, ಇಸಿಜಿ ಥರ. ಎಲ್ಲಿ ಅತಿ ಎತ್ತರ, ಎಲ್ಲಿ ಅತಿ ಕೆಳಗೆ? ಬಣ್ಣ ಹಚ್ಚೋದಕ್ಕೆ ಮುಂಚೆ ಆ ಎರಡು ಚೌಕಗಳನ್ನ ತೀರ್ಮಾನಿಸಬೇಕು. ‘ಅಪ್’ನಲ್ಲಿ ಅವು ಕತ್ತಲ ಮನೆ ಮತ್ತು ಹಾರೋ ಮನೆ. ಉಳಿದ ಚೌಕಗಳೆಲ್ಲ ಆ ಎರಡರ ನಡುವೆ ಜಾಗ ಹಂಚಿಕೊಳ್ಳಬೇಕು. ಮದುವೆ ದೃಶ್ಯ ಎಷ್ಟೇ ಸಂತೋಷದ್ದಾದ್ರೂ ಅಲ್ಲೇ 10 ಖರ್ಚು ಮಾಡಿದ್ರೆ ಮನೆ ಹಾರೋವಾಗ ಜೇಬು ಖಾಲಿ.

ಮೂರನೇ ಹಂತ ಕಪ್ಪು ಬಿಳುಪು. ಪೆನ್ಸಿಲ್‌ನಲ್ಲೋ ಬೂದು ಬಣ್ಣದಲ್ಲೋ, ಪ್ರತಿ ಚೌಕದಲ್ಲಿ ಎಷ್ಟು ಬೆಳಕು, ಎಲ್ಲಿಂದ ಬರುತ್ತೆ, ಪಾತ್ರ ಬೆಳಕಲ್ಲಿದೆಯೋ ನೆರಳಲ್ಲಿದೆಯೋ ಅಂತ ಗುರುತು ಹಾಕೋದು. ಬಣ್ಣ ಬರೋದು ಇದಾದ ಮೇಲೆ.

ಚೌಕ ದೊಡ್ಡದಿರಬಾರದು. 16:9 ಅಳತೆಗೆ 6.4 ಸೆಂ.ಮೀ. ಅಗಲ, 3.6 ಸೆಂ.ಮೀ. ಎತ್ತರ ಸಾಕು. ದೊಡ್ಡದಾದ್ರೆ ಕೈ ತಾನಾಗಿ ಹುಬ್ಬು, ಗುಂಡಿ, ಎಲೆ ಬಿಡಿಸೋಕೆ ಹೋಗುತ್ತೆ. ಒಂದು ಚೌಕಕ್ಕೆ ಅರ್ಧ ಗಂಟೆ ಮೀರಿದ್ರೆ ನೀವು ಚಿತ್ರ ಬಿಡಿಸ್ತಿದ್ದೀರಿ, ಸ್ಕ್ರಿಪ್ಟ್ ಬರೀತಿಲ್ಲ ಅಂತ ಅರ್ಥ.

ಒರಟಾಗಿ ಇಟ್ಟುಕೊಳ್ಳೋದಕ್ಕೆ ಇನ್ನೊಂದು ಕಾರಣ ಇದೆ. ಕಥೆ ಬದಲಾಗ್ತಾ ಇರುತ್ತೆ. ಒಂದು ದೃಶ್ಯ ಕಿತ್ತು ಮುಂದೆ ಹಾಕಿದ್ರೆ ಅದರ ಎಡಬಲದ ಚೌಕಗಳ ಬಣ್ಣವೂ ಕೆಡುತ್ತೆ. ಕಾಗದದ ಮೇಲೆ ಅದನ್ನ ಸರಿ ಮಾಡೋದು ಒಂದು ಮಧ್ಯಾಹ್ನದ ಕೆಲಸ. ಅದೇ ತಪ್ಪು ಸಿನಿಮಾ ರೆಂಡರ್ ಆದ ಮೇಲೆ ಗೊತ್ತಾದ್ರೆ ಪ್ರತಿ ಶಾಟ್‌ಗೂ ಮತ್ತೆ ಬೆಳಕು ಹಾಕಬೇಕು. ‘ಅಪ್’ 96 ನಿಮಿಷದ ಸಿನಿಮಾ. ಸೆಕೆಂಡಿಗೆ 24 ಫ್ರೇಮ್‌ನಂತೆ ಲೆಕ್ಕ ಹಾಕಿದ್ರೆ 1 ಲಕ್ಷ 38 ಸಾವಿರ ಫ್ರೇಮ್ ದಾಟುತ್ತೆ. ಅಷ್ಟನ್ನ ಒಬ್ಬರೇ ಮಾಡಲ್ಲ. ಲೈಟಿಂಗ್ ವಿಭಾಗದ ಹತ್ತಾರು ಜನ ಬೇರೆ ಬೇರೆ ದೃಶ್ಯ ಹಿಡಿದು ಕೂತಿರ್ತಾರೆ. ಪಕ್ಕದವರ ದೃಶ್ಯ ಹೇಗೆ ಮುಗಿಯುತ್ತೆ ಅಂತ ಗೊತ್ತಿಲ್ಲದೆ ತಮ್ಮದನ್ನ ಚಂದ ಮಾಡ್ತಾ ಹೋದ್ರೆ ಸಿನಿಮಾ ತೇಪೆ ಹಾಕಿದ ಕೌದಿ ಆಗುತ್ತೆ. ಆ ಎಲ್ಲರೂ ನೋಡೋ ಒಂದೇ ನಕ್ಷೆ ಈ ಪಟ್ಟಿ.

ಎಲ್ಲಿ ಕೆಡುತ್ತೆ, ಹೇಗೆ ಗೊತ್ತಾಗುತ್ತೆ?

ಸಾಮಾನ್ಯವಾಗಿ ಕೆಡೋದು ಮೂರು ಕಡೆ.

ಒಂದು, ಪ್ರತಿ ಚೌಕವೂ ಕ್ಯಾಲೆಂಡರ್ ಚಿತ್ರದ ಹಾಗೆ ಸುಂದರವಾಗಿರೋದು. ಬಿಡಿಬಿಡಿಯಾಗಿ ನೋಡಿದ್ರೆ ಎಲ್ಲರೂ ಹೊಗಳ್ತಾರೆ, ಸಾಲಾಗಿ ಇಟ್ಟರೆ ಏನೂ ಆಗಲ್ಲ. ಪರೀಕ್ಷೆ ಸುಲಭ: ಇಡೀ ಪಟ್ಟಿಯ ಫೋಟೋ ತೆಗೆದು, ಒಂದೊಂದು ಚೌಕ ಅಂಚೆಚೀಟಿಗಿಂತ ಸಣ್ಣದಾಗಿ ಕಾಣೋ ಹಾಗೆ ಮಾಡಿ. ಕಥೆ ಗೊತ್ತಿಲ್ಲದ ತಂಗಿಗೋ ತಮ್ಮನಿಗೋ ತೋರಿಸಿ, ‘ಇದರಲ್ಲಿ ತುಂಬ ಬೇಜಾರಿನ ಜಾಗ ಯಾವುದು?’ ಅಂತ ಕೇಳಿ. ಬೆರಳು ಸರಿಯಾದ ಕಡೆ ಹೋಗದಿದ್ರೆ ತಪ್ಪು ತಂಗಿಯದಲ್ಲ.

ಎರಡು, ಬಣ್ಣ ಬೇರೆ ಬೇರೆ ಇದ್ರೂ ಬೆಳಕಿನ ಮಟ್ಟ ಒಂದೇ ಇರೋದು. ಒಂದು ಚೌಕ ಕೆಂಪು, ಇನ್ನೊಂದು ಹಸಿರು, ಆದ್ರೆ ಎರಡೂ ಅಷ್ಟೇ ಕತ್ತಲು. ಫೋಟೋವನ್ನ ಮೊಬೈಲ್‌ನಲ್ಲೇ ಕಪ್ಪು ಬಿಳುಪು ಮಾಡಿ ನೋಡಿ. ಎಲ್ಲ ಚೌಕ ಒಂದೇ ಬೂದಾಗಿ ಕಂಡ್ರೆ ಕೆಲಸ ಬಾಕಿ ಇದೆ. ಕೆಂಪು ಹಸಿರಿನ ವ್ಯತ್ಯಾಸ ಕಾಣದ ಕಣ್ಣಿನವರೂ ಸಿನಿಮಾ ನೋಡ್ತಾರೆ, ಅವರಿಗೆ ಕಥೆ ಮುಟ್ಟೋದು ಹೆಚ್ಚಾಗಿ ಈ ಬೆಳಕು ನೆರಳಿನಿಂದ.

ಮೂರು, ವಸ್ತುವಿನ ಬಣ್ಣಕ್ಕೇ ಅಂಟಿಕೊಳ್ಳೋದು. ಹುಲ್ಲು ಹಸಿರು, ಆಕಾಶ ನೀಲಿ, ಮುಖ ಗೋಧಿ ಬಣ್ಣ ಅಂತ ಬೆಳಿಗ್ಗೆ ಸಂಜೆ ಎಲ್ಲ ಚೌಕದಲ್ಲೂ ಅದನ್ನೇ ಹಚ್ಚೋದು. ಬದಲಾಗಬೇಕಾದ್ದು ವಸ್ತು ಅಲ್ಲ, ಅದರ ಮೇಲೆ ಬೀಳೋ ಬೆಳಕು. ಅಭ್ಯಾಸಕ್ಕೆ ನಿಮ್ಮ ಮನೆಯ ಜಗಲಿಯನ್ನೇ ಬೆಳಿಗ್ಗೆ ಏಳಕ್ಕೆ, ಮಟಮಟ ಮಧ್ಯಾಹ್ನ, ದೀಪ ಹಚ್ಚೋ ಹೊತ್ತಿಗೆ ಮೂರು ಚೌಕದಲ್ಲಿ ಬಿಡಿಸಿ. ಗೋಡೆಗೆ ಒಂದೇ ಬಣ್ಣ ಬಳಿದಿರೋದು, ಆದ್ರೆ ಮೂರು ಚೌಕಕ್ಕೂ ಒಂದೇ ಟ್ಯೂಬ್ ಬಣ್ಣ ಸಾಕಾಗಲ್ಲ.

ಇದಕ್ಕೊಂದು ಮಿತಿಯೂ ಇದೆ. ಕಥೆಯಲ್ಲಿ ಇಲ್ಲದ ಭಾವವನ್ನ ಬಣ್ಣ ಹುಟ್ಟಿಸಲ್ಲ. ಎಲೀ ಯಾರು ಅಂತ ಮೊದಲ ಹತ್ತು ನಿಮಿಷ ನಮಗೆ ಮನಸ್ಸಿಗೆ ಹತ್ತದೇ ಹೋಗಿದ್ರೆ, ಆ ಬೂದು ಮನೆ ಬರೀ ಬೂದು ಮನೆಯಾಗಿ ಉಳಿಯುತ್ತಿತ್ತು. ಗೆರೆ ಎಳೆಯೋ ಹಂತದಲ್ಲೇ ಎಲ್ಲ ಚಪ್ಪಟೆ ಅನ್ನಿಸಿದ್ರೆ ಬಣ್ಣದ ಡಬ್ಬಿ ತೆರೆಯಬೇಡಿ, ಕಥೆಗೆ ವಾಪಸ್ ಹೋಗಿ.

ಕೋರ್ಸ್‌ಗೆ ಸೇರೋಕೆ ಮುಂಚೆಯೇ ಇದನ್ನ ಅಭ್ಯಾಸ ಮಾಡಬಹುದು, ಕಂಪ್ಯೂಟರ್ ಬೇಕಿಲ್ಲ. ನಿಮಗೆ ಇಷ್ಟದ ಒಂದು ಆನಿಮೇಷನ್ ಸಿನಿಮಾ ತೆಗೆದುಕೊಳ್ಳಿ. ಸೌಂಡ್ ಮ್ಯೂಟ್ ಮಾಡಿ, ಐದೈದು ನಿಮಿಷಕ್ಕೆ ಒಮ್ಮೆ ನಿಲ್ಲಿಸಿ, ಒಂದು ಡ್ರಾಯಿಂಗ್ ಶೀಟ್ ಮೇಲೆ ಒಂದೊಂದು ಚೌಕ ತುಂಬಿ. ಒಂದೂವರೆ ಗಂಟೆಯ ಸಿನಿಮಾಕ್ಕೆ ಹದಿನೆಂಟು ಚೌಕ. ಶಾಲೆಯಲ್ಲಿ ಬಳಸೋ ವಾಟರ್ ಕಲರ್ ಡಬ್ಬಿ ಸಾಕು. ಮುಗಿದ ಮೇಲೆ ಅತಿ ಗಾಢವಾದ ಚೌಕ ಹುಡುಕಿ, ಅದರ ಎಡಗಡೆಯ ಮೂರು ಚೌಕ ನೋಡಿ. ಆ ಸಿನಿಮಾ ಮಾಡಿದವರು ಬಣ್ಣವನ್ನ ಎಲ್ಲಿ ಕೂಡಿಟ್ಟು ಎಲ್ಲಿ ಖರ್ಚು ಮಾಡಿದ್ರು ಅನ್ನೋದು ಆ ನಾಲ್ಕು ಚೌಕದಲ್ಲೇ ಕಾಣುತ್ತೆ.